ಮೂರು ದಿನ ಗೈರಾದವರು ಸಿಕ್ಕರು, ಪ್ರತಿ ಮಂಗಳವಾರ ಗೈರಾದವಳು ಸಿಗಲಿಲ್ಲ: ನಮ್ಮ ಶಾಲೆಯ ಹಾಜರಿ ವರದಿ ಕಟ್ಟಿದ ಕತೆ

ಮಂಡ್ಯ ಜಿಲ್ಲೆಯ ಒಂದು ಪ್ರೌಢಶಾಲೆಯ ಆಫೀಸಿನಲ್ಲಿ ನಾನು ದ್ವಿತೀಯ ದರ್ಜೆ ಸಹಾಯಕಿ. ಎಂಟು, ಒಂಬತ್ತು, ಹತ್ತು – ಮೂರು ತರಗತಿ. ಪ್ರತಿಯೊಂದಕ್ಕೂ ಕನ್ನಡ ಮಾಧ್ಯಮ ಒಂದು, ಇಂಗ್ಲಿಷ್ ಮಾಧ್ಯಮ ಒಂದು. ಒಟ್ಟು ಆರು ವಿಭಾಗ, 206 ಮಕ್ಕಳು. ಸುತ್ತಲಿನ ಒಂಬತ್ತು ಹಳ್ಳಿಗಳಿಂದ ಬರುತ್ತಾರೆ.

ಹಾಜರಿ ಪುಸ್ತಕವೇನೋ ಎಲ್ಲ ಶಾಲೆಯಲ್ಲೂ ಇರುತ್ತದೆ. ತೊಂದರೆ ಏನೆಂದರೆ ಅದು ತಿಂಗಳ ಪುಸ್ತಕ. ತಿಂಗಳ ಕೊನೆಯಲ್ಲಿ ಕೂಡಿದಾಗಲೇ ಯಾವ ಮಗು ಎಷ್ಟು ದಿನ ಬಂದಿಲ್ಲ ಎಂದು ಕಣ್ಣಿಗೆ ಬೀಳುವುದು. ಹೋದ ವರ್ಷ ಹತ್ತನೇ ತರಗತಿಯ ಒಬ್ಬ ಹುಡುಗ ಆಲೆಮನೆ ಕೆಲಸಕ್ಕೆ ಹೋಗಲು ಶುರು ಮಾಡಿದ್ದು ನಮಗೆ ಗೊತ್ತಾದದ್ದು 17 ದಿನ ಕಳೆದ ಮೇಲೆ. ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಕೂರಲು ಶೇ. 75 ಹಾಜರಿ ಬೇಕು. ಅವನನ್ನು ವಾಪಸು ಕರೆತರಲು ನಾಲ್ಕು ಸಲ ಊರಿಗೆ ಹೋಗಬೇಕಾಯಿತು. ಮೂರನೇ ದಿನವೇ ಗೊತ್ತಾಗಿದ್ದರೆ ಒಂದು ಫೋನಿನಲ್ಲಿ ಮುಗಿಯುತ್ತಿತ್ತು ಅಂತ ಹೆಡ್‌ಮೇಷ್ಟ್ರು ಆವತ್ತು ಹೇಳಿದರು. ಆ ಮಾತು ನನ್ನ ತಲೆಯಲ್ಲಿ ಉಳಿಯಿತು.

ಹಾಗಾಗಿ ಈ ವರ್ಷ ಜೂನ್‌ನಿಂದ ದಿನದ ವರದಿ ಮಾಡಲು ಕೂತೆ. ಆಫೀಸಿನ ಹಳೆ ಕಂಪ್ಯೂಟರು, ಅದರಲ್ಲಿದ್ದ ಎಕ್ಸೆಲ್. ಬೇರೆ ಸಾಫ್ಟ್‌ವೇರ್ ಏನೂ ಇಲ್ಲ. ಖರ್ಚು ಆದದ್ದು ಇಷ್ಟು: ವಿಭಾಗಕ್ಕೊಂದರಂತೆ ಆರು ಚೀಟಿ ಪ್ಯಾಡ್ 240 ರೂಪಾಯಿ, ಒಂದು ಉದ್ದ ನೋಟ್‌ಬುಕ್ 60, ಒಂದು ಪೆನ್‌ಡ್ರೈವ್ 350. ಒಟ್ಟು 650 ರೂಪಾಯಿ.

ಹಂತ 1: ಜೂನ್ ಮೊದಲ ಎರಡು ವಾರ. ಎಲ್ಲರ ಹಾಜರಿ ಬರೆಯಲು ಹೋಗಿ ಬಿಟ್ಟದ್ದು

ಮೊದಲು ಹಾಜರಿ ಪುಸ್ತಕದ ಹಾಗೇ ಶೀಟು ಮಾಡಿದೆ. ಎಡಕ್ಕೆ 206 ಹೆಸರು, ಮೇಲೆ ತಾರೀಖು, ಪ್ರತಿ ಮನೆಯಲ್ಲಿ P ಅಥವಾ A. ದಿನಕ್ಕೆ 55 ನಿಮಿಷ ಹಿಡಿಯಿತು. ಸಂಬಳ ಬಿಲ್ಲು, ಟಿಸಿ, ಸ್ಕಾಲರ್‌ಶಿಪ್ ಅರ್ಜಿ ಎಲ್ಲ ಪಕ್ಕದಲ್ಲಿ ಕಾಯುತ್ತಿದ್ದವು. ಹತ್ತು ದಿನಕ್ಕೆ ಕೈಬಿಟ್ಟೆ.

ಆಮೇಲೆ ಹೊಳೆದದ್ದು ಸುಲಭದ ಸಂಗತಿ. ಬಂದವರನ್ನು ಯಾಕೆ ಬರೆಯಬೇಕು? ಬಾರದವರನ್ನು ಮಾತ್ರ ಬರೆದರೆ ಸಾಕಲ್ವಾ? ನಮ್ಮಲ್ಲಿ ದಿನಕ್ಕೆ 14ರಿಂದ 20 ಮಕ್ಕಳು ಗೈರು. ಅಷ್ಟು ಸಾಲು ಟೈಪ್ ಮಾಡಲು ಎಂಟು ನಿಮಿಷ ಸಾಕು. ಹೀಗೆ ಮೂರು ಶೀಟು ಆಯಿತು. `Students` ಶೀಟಿನಲ್ಲಿ ಮಗುವಿನ ಗುರುತು, ಹೆಸರು, ಊರು, ಫೋನು. `Days` ಶೀಟಿನಲ್ಲಿ ಶಾಲೆ ನಡೆದ ದಿನಗಳು. `Absent` ಶೀಟಿನಲ್ಲಿ ಒಂದು ಗೈರಿಗೆ ಒಂದು ಸಾಲು: ತಾರೀಖು, ಗುರುತು, ಕಾರಣ.

ಗುರುತಿನ ವಿಷಯದಲ್ಲೇ ಮೊದಲ ಪೆಟ್ಟು ಬಿತ್ತು. ಮೇಷ್ಟ್ರುಗಳು ಚೀಟಿಯಲ್ಲಿ ಕೊಡುವುದು ರೋಲ್ ನಂಬರ್. 17 ಎಂದರೆ ಆರು ವಿಭಾಗದಲ್ಲೂ ಒಬ್ಬ 17 ಇದ್ದಾನೆ. ಅದಕ್ಕೆ ತರಗತಿ, ಮಾಧ್ಯಮ, ನಂಬರ್ ಮೂರನ್ನೂ ಸೇರಿಸಿ `9K17`, `9E17` ಎಂದು ಬರೆದೆ. ಕನ್ನಡ ಮಾಧ್ಯಮಕ್ಕೆ ಕೆ, ಇಂಗ್ಲಿಷ್ ಮಾಧ್ಯಮಕ್ಕೆ ಇ. ಕನ್ನಡ ಮಾಧ್ಯಮದ ಲೆಕ್ಕ ಸರಿ ಬಂತು. ಇಂಗ್ಲಿಷ್ ಮಾಧ್ಯಮದ ಮಕ್ಕಳೆಲ್ಲ ಮಾಯ. ಅವರಿದ್ದ ಮನೆಯಲ್ಲಿ `9.00E+17` ಅಂತ ಕಾಣುತ್ತಿತ್ತು. ನಡುವೆ ಇ ಅಕ್ಷರ ಬಂದರೆ ಎಕ್ಸೆಲ್ ಅದನ್ನು ಒಂಬತ್ತರ ಮುಂದೆ ಹದಿನೇಳು ಸೊನ್ನೆ ಇರುವ ಸಂಖ್ಯೆ ಎಂದು ತಿಳಿಯುತ್ತದೆ. ಒಂದು ಮಧ್ಯಾಹ್ನ ಪೂರ್ತಿ ಇದರಲ್ಲೇ ಹೋಯಿತು. ಅಕ್ಷರವನ್ನು ಮುಂದಕ್ಕೆ ತಂದು `E917`, `K917` ಎಂದು ಬದಲಾಯಿಸಿದ ಮೇಲೆ ಸರಿಹೋಯಿತು. ಒಂದಂಕಿಯ ರೋಲ್ ನಂಬರಿಗೂ ಮುಂದೆ ಸೊನ್ನೆ ಹಾಕಬೇಕು: `K905`.

ಹಂತ 2: ಜೂನ್ ಕೊನೆ. ಸತತ ಗೈರಿನ ಲೆಕ್ಕ

ಮೂರು ದಿನ ಬಿಡದೆ ಗೈರಾದರೆ ಗುರುತು ಬೀಳಬೇಕು. ಇದು ಹೆಡ್‌ಮೇಷ್ಟ್ರು ಹಾಕಿದ ನಿಯಮ. ನಾನು ಮೊದಲು ತಾರೀಖಿನ ಮೇಲೆ ಲೆಕ್ಕ ಹಾಕಿದೆ. ಇವತ್ತು ಗೈರು, ನಿನ್ನೆಯೂ ಗೈರಾಗಿದ್ದರೆ ನಿನ್ನೆಯ ಎಣಿಕೆಗೆ ಒಂದು ಸೇರಿಸು. ಬುಧ, ಗುರು, ಶುಕ್ರ ಚೆನ್ನಾಗಿ ನಡೆಯಿತು. ಸೋಮವಾರ ಎಲ್ಲರ ಎಣಿಕೆಯೂ ಒಂದಕ್ಕೆ ಇಳಿಯಿತು. ಯಾಕೆಂದರೆ ಸೋಮವಾರದ ನಿನ್ನೆ ಭಾನುವಾರ. ಆ ದಿನ ಯಾರೂ ಗೈರಿಲ್ಲ. ಶುಕ್ರವಾರದಿಂದ ಮಂಗಳವಾರದವರೆಗೆ ನಾಲ್ಕು ಶಾಲಾ ದಿನ ಬಾರದ ಹುಡುಗನಿಗೆ ವರದಿ ಎರಡು ಎಂದು ತೋರಿಸಿತು. ದಸರಾ ರಜೆ ಬಂದರಂತೂ ಕೇಳುವುದೇ ಬೇಡ.

ಪರಿಹಾರ ಇಷ್ಟೇ. ತಾರೀಖನ್ನು ಎಣಿಸಬಾರದು, ಶಾಲೆ ನಡೆದ ದಿನವನ್ನು ಎಣಿಸಬೇಕು. `Days` ಶೀಟಿನ A ಕಾಲಂನಲ್ಲಿ ಶಾಲೆ ನಡೆದ ತಾರೀಖುಗಳನ್ನು ಮಾತ್ರ ಒಂದರ ಕೆಳಗೆ ಒಂದು ಬರೆದೆ. B ಕಾಲಂನಲ್ಲಿ 1, 2, 3 ಎಂದು ಕ್ರಮಸಂಖ್ಯೆ. ಶನಿವಾರ 18 ಆದರೆ ಸೋಮವಾರ 19. ದಸರಾಕ್ಕೆ ಮುಂಚಿನ ಕೊನೆಯ ದಿನಕ್ಕೂ ರಜೆ ಮುಗಿದು ತೆರೆದ ದಿನಕ್ಕೂ ನಡುವೆ ಒಂದೇ ಅಂಕಿಯ ವ್ಯತ್ಯಾಸ. ಮಳೆಗೆ ಜಿಲ್ಲಾಧಿಕಾರಿಗಳು ಇದ್ದಕ್ಕಿದ್ದಂತೆ ರಜೆ ಕೊಟ್ಟರೆ ಆ ತಾರೀಖನ್ನು ಬರೆಯುವುದೇ ಇಲ್ಲ.

ಸೂತ್ರಗಳು ಹೀಗಿವೆ. ಮೂರೂ `Absent` ಶೀಟಿನ ಎರಡನೇ ಸಾಲಿನಲ್ಲಿ, D, E, F ಮನೆಗಳಿಗೆ. ಆಮೇಲೆ ಕೆಳಕ್ಕೆ ಎಳೆದರಾಯಿತು.

```
D2: =VLOOKUP(A2,Days!A:B,2,FALSE)
E2: =1+SUMIFS(E$1:E1,B$1:B1,B2,D$1:D1,D2-1)
F2: =WEEKDAY(A2,2)
```

D ಆ ತಾರೀಖಿನ ಕ್ರಮಸಂಖ್ಯೆ ತರುತ್ತದೆ. E ಇದೇ ಮಗು ಹಿಂದಿನ ಶಾಲಾ ದಿನವೂ ಗೈರಾಗಿತ್ತೇ ಎಂದು ಮೇಲಿನ ಸಾಲುಗಳಲ್ಲಿ ಹುಡುಕಿ, ಆ ಎಣಿಕೆಗೆ ಒಂದು ಕೂಡಿಸುತ್ತದೆ. F ವಾರದ ಯಾವ ದಿನ ಎಂಬುದು: ಸೋಮವಾರ 1, ಶನಿವಾರ 6. ಈ F ಅನ್ನು ಆಗ ಹಾಕಿರಲಿಲ್ಲ. ಅದು ಯಾಕೆ ಬಂತು ಎಂದು ಮುಂದೆ ಹೇಳುತ್ತೇನೆ. D ಮನೆಯಲ್ಲಿ `#N/A` ಬಂದರೆ ತಾರೀಖು ತಪ್ಪಾಗಿ ಟೈಪ್ ಆಗಿದೆ, ಇಲ್ಲವೇ ರಜೆಯ ದಿನ ಬರೆದಿದ್ದೇನೆ ಎಂದು ತಕ್ಷಣ ಗೊತ್ತಾಗುತ್ತದೆ.

ಇಲ್ಲಿ ನಾನು ಮಾಡಿದ ಒಂದು ತಪ್ಪು. ಕೆಲಸ ಉಳಿಯಲಿ ಎಂದು `Days` ಶೀಟಿನಲ್ಲಿ ವರ್ಷದ ಎಲ್ಲ ತಾರೀಖನ್ನೂ ಮೊದಲೇ ತುಂಬಿಬಿಟ್ಟೆ. ವರದಿ ಕೊನೆಯ ದಿನದ ಎಣಿಕೆ ನೋಡುತ್ತದೆ. ಕೊನೆಯ ದಿನ ಏಪ್ರಿಲ್‌ನಲ್ಲಿದ್ದರಿಂದ ಪಟ್ಟಿಯಲ್ಲಿ ಒಬ್ಬರ ಹೆಸರೂ ಬರಲಿಲ್ಲ. ಎರಡು ದಿನ ನಾನು ಖುಷಿಯಾಗಿದ್ದೆ, ಯಾರೂ ಸತತ ಗೈರಿಲ್ಲ ಎಂದು. ಖಾಲಿ ವರದಿಯನ್ನು ನಂಬಬಾರದಿತ್ತು. ಈಗ ಆರು ಚೀಟಿಯೂ ಬಂದು, ಎಲ್ಲ ಟೈಪ್ ಆದ ಮೇಲೆ, ಕೊನೆಯಲ್ಲಿ ಆವತ್ತಿನ ತಾರೀಖನ್ನು `Days`ಗೆ ಸೇರಿಸುತ್ತೇನೆ. ಅಲ್ಲಿಯವರೆಗೆ ವರದಿ ನಿನ್ನೆಯದನ್ನೇ ತೋರಿಸುತ್ತದೆ. ಹೊಸ ಗೈರಿನ ಸಾಲುಗಳಲ್ಲಿ `#N/A` ಇರುತ್ತದೆ, ತಾರೀಖು ಸೇರಿದ ಕೂಡಲೇ ಹೋಗುತ್ತದೆ.

ಹಂತ 3: ಜುಲೈ. ಚೀಟಿ ಬರುವ ಹೊತ್ತು, ಎರಡು ಸಲ ಬಂದ ಚೀಟಿ

ಚೀಟಿಗಳನ್ನು ಮೊದಲ ಪೀರಿಯಡ್ ಮುಗಿಯುತ್ತಲೇ ತರಿಸುತ್ತಿದ್ದೆ. ಎರಡು ಹಳ್ಳಿಯ ಮಕ್ಕಳು ಬರುವ ಬಸ್ಸು ತಡವಾದ ದಿನ ಒಂದೇ ಸಲ 20 ಮಕ್ಕಳು ಗೈರಾದರು. ಅವರು ಬಂದು ಕ್ಲಾಸಿನಲ್ಲಿ ಕೂತಾಗಿತ್ತು, ನಾನು ಮನೆಗೆ ಫೋನು ಮಾಡುತ್ತಿದ್ದೆ. ಈಗ ಅಟೆಂಡರ್ ಅಣ್ಣ ಎರಡನೇ ಪೀರಿಯಡ್ ಆದ ಮೇಲೆ ಚೀಟಿ ತರುತ್ತಾರೆ.

ಆಮೇಲೆ ಒಂದು ವಿಚಿತ್ರ ಕಂಡಿತು. `K812` ಎಂಬ ಹುಡುಗಿಗೆ ವರದಿ ನಾಲ್ಕು ದಿನ ಸತತ ಗೈರು ಎಂದಿತು. ಹಾಜರಿ ಪುಸ್ತಕದಲ್ಲಿ ಇದ್ದದ್ದು ಮೂರು. ಹುಡುಕಿದಾಗ ಗೊತ್ತಾಯಿತು, ಮೊದಲ ದಿನ ಆ ವಿಭಾಗದ ಚೀಟಿ ಎರಡು ಸಲ ಬಂದಿತ್ತು. ನಾನು ಎರಡನ್ನೂ ಟೈಪ್ ಮಾಡಿದ್ದೆ. ಮೊದಲ ದಿನ 1 ಮತ್ತು 1. ಎರಡನೇ ದಿನ ಅವೆರಡೂ ಕೂಡಿ 3. ಮೂರನೇ ದಿನ 4. ಅದಕ್ಕೆ G ಮನೆಯಲ್ಲಿ ಒಂದು ಕಾವಲು ಇಟ್ಟೆ. ಒಂದಕ್ಕಿಂತ ಹೆಚ್ಚು ಬಂದರೆ ಕೆಂಪಾಗುವಂತೆ Conditional Formatting ಹಾಕಿದ್ದೇನೆ, ಕೆಂಪಾದ ಜೋಡಿಯಲ್ಲಿ ಒಂದು ಸಾಲು ಅಳಿಸುತ್ತೇನೆ.

```
G2: =COUNTIFS(A:A,A2,B:B,B2)
```

ಇದರ ತಿರುಗುಮುರುಗು ತಪ್ಪೂ ಇದೆ. ನಿನ್ನೆ ಬಿಟ್ಟುಹೋದ ಗೈರನ್ನು ಇವತ್ತು ಕೆಳಗೆ ಬರೆದರೆ ಎಣಿಕೆ ಮುರಿಯುತ್ತದೆ, ಯಾಕೆಂದರೆ ಸೂತ್ರ ಮೇಲಕ್ಕೆ ಮಾತ್ರ ನೋಡುತ್ತದೆ. ಹಾಗೆ ತಡವಾಗಿ ಬರೆದಾಗ A, B, C ಮೂರನ್ನು ಮಾತ್ರ ಆಯ್ದು ತಾರೀಖಿನ ಕ್ರಮಕ್ಕೆ ಜೋಡಿಸಬೇಕು. ಸೂತ್ರದ ಮನೆಗಳನ್ನು ಮುಟ್ಟಬಾರದು.

ಲೆಕ್ಕ ಸರಿಯಿದೆಯೇ ಎಂದು ನೋಡಲು ಬಿಸಿಯೂಟದ ಪುಸ್ತಕ ನೆರವಿಗೆ ಬಂತು. ಅಡುಗೆಯವರಿಗೆ ಎಷ್ಟು ಮಕ್ಕಳು ಎಂದು ದಿನವೂ ಹೇಳಬೇಕು. 206ರಲ್ಲಿ ನನ್ನ ಗೈರು ಕಳೆದರೆ ಆ ಅಂಕಿಗೆ ಹತ್ತಿರ ಬರಬೇಕು. ಒಂದೆರಡು ಹೆಚ್ಚುಕಡಿಮೆ ಇರುತ್ತದೆ, ತಡವಾಗಿ ಬರುವವರು ಇದ್ದೇ ಇರುತ್ತಾರೆ. ಅದಕ್ಕಿಂತ ಜಾಸ್ತಿ ವ್ಯತ್ಯಾಸ ಬಂದ ದಿನ ನೋಡಿದರೆ ಯಾವುದೋ ಒಂದು ವಿಭಾಗದ ಚೀಟಿಯೇ ಬಂದಿರುವುದಿಲ್ಲ.

ಹಂತ 4: ಜುಲೈ ಕೊನೆ. ನಾನು ಮಾಡಬಾರದಿದ್ದ ಫೋನು

ಇದನ್ನು ಬರೆಯಲೇಬೇಕು. ವರದಿ ಸರಿಯಾಗಿ ನಡೆಯಲು ಶುರುವಾದ ವಾರ. ಒಂಬತ್ತನೇ ತರಗತಿಯ ಒಬ್ಬ ಹುಡುಗನ ಹೆಸರಿನ ಮುಂದೆ ನಾಲ್ಕು ಎಂದಿತ್ತು. ನಾನು ಪಟ್ಟಿ ನೋಡಿ ನೇರ ಮನೆಗೆ ಫೋನು ಮಾಡಿದೆ. ತಾಯಿ ಎತ್ತಿದರು. "ಯಾಕಮ್ಮ ನಾಲ್ಕು ದಿನದಿಂದ ಮಗನ್ನ ಕಳಿಸಿಲ್ಲ?" ಎಂದೆ. ಅವರು ಮೆಲ್ಲಗೆ ಹೇಳಿದರು, "ಅವರಪ್ಪ ತೀರ್ಕೊಂಡು ನಾಕು ದಿನ ಆಯ್ತು ಕಣವ್ವ."

ನನಗೆ ಮಾತು ಹೊರಡಲಿಲ್ಲ. ಆ ಹುಡುಗನ ಕ್ಲಾಸ್ ಮೇಷ್ಟ್ರಿಗೆ ವಿಷಯ ಗೊತ್ತಿತ್ತು. ಮಣ್ಣಿಗೂ ಹೋಗಿ ಬಂದಿದ್ದರು. ಶೀಟಿಗೆ ಮಾತ್ರ ಗೊತ್ತಿರಲಿಲ್ಲ, ನಾನು ಅವರನ್ನು ಕೇಳಿರಲಿಲ್ಲ. ಮಾರನೆಯ ದಿನ ಹೆಡ್‌ಮೇಷ್ಟ್ರ ಜೊತೆ ಆ ಮನೆಗೆ ಹೋಗಿ ಬಂದೆ.

ಅವತ್ತಿನಿಂದ ಎರಡು ಬದಲಾವಣೆ ಆಯಿತು. ಚೀಟಿಯಲ್ಲಿ ಕಾರಣಕ್ಕೆ ಜಾಗ ಮಾಡಿಸಿದೆ. ಕಾಯಿಲೆ, ಸಾವು, ಊರಹಬ್ಬ, ಕೆಲಸ ಎಂದು ಮೇಷ್ಟ್ರು ಒಂದು ಪದ ಬರೆಯುತ್ತಾರೆ. ಗೊತ್ತಿಲ್ಲದಿದ್ದರೆ ಖಾಲಿ ಬಿಡುತ್ತಾರೆ. ಎರಡನೆಯದು, ಪಟ್ಟಿ ಮೊದಲು ಕ್ಲಾಸ್ ಮೇಷ್ಟ್ರ ಕೈಗೆ ಹೋಗುತ್ತದೆ. ಅವರು ನೋಡಿ "ಫೋನು ಮಾಡಿ" ಎಂದು ಟಿಕ್ ಹಾಕಿದವರಿಗೆ ಮಾತ್ರ ಆಫೀಸಿನಿಂದ ಕರೆ. ಕರೆಯ ಮೊದಲ ಮಾತು "ಮಗು ಹೇಗಿದೆ?" ಎಂದೇ ಆಗಬೇಕು, "ಯಾಕೆ ಕಳಿಸಿಲ್ಲ?" ಎಂದಲ್ಲ. ಪಟ್ಟಿಯನ್ನು ಗೋಡೆಗೆ ಅಂಟಿಸುವುದಿಲ್ಲ. ಮಡಿಸಿ ಕೈಗೇ ಕೊಡುತ್ತೇವೆ.

ಕಾರಣದ ಜಾಗದಿಂದ ಇನ್ನೊಂದು ತಲೆನೋವೂ ಹೋಯಿತು. ಒಂದು ಊರಿನಲ್ಲಿ ಮಾರಿಹಬ್ಬ ಆದಾಗ ಮೂರು ದಿನ ಆ ಊರಿನ 19 ಮಕ್ಕಳೂ ಬಂದಿರಲಿಲ್ಲ. ಪಟ್ಟಿಯಲ್ಲಿ ಅವರ ನಡುವೆ ನಿಜವಾಗಿ ನೋಡಬೇಕಾದ ಇಬ್ಬರು ಹೂತುಹೋಗಿದ್ದರು. ಈಗ ಊರಿನ ಪ್ರಕಾರ ಜೋಡಿಸಿ ನೋಡುತ್ತೇನೆ. ಒಂದು ಊರಿನ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಒಟ್ಟಿಗೆ ಗೈರಾದರೆ ಮೊದಲು ಹಬ್ಬವೋ ಬಸ್ಸೋ ಎಂದು ಕೇಳುತ್ತೇನೆ. ಆದರೂ ಹಬ್ಬದ ಗೈರನ್ನು ಅಳಿಸುವುದಿಲ್ಲ. ಹಾಜರಿ ಪುಸ್ತಕದಲ್ಲಿ ಗೈರು ಎಂದರೆ ಇಲ್ಲೂ ಗೈರೇ. ಹಬ್ಬ ಮುಗಿದು ನಾಲ್ಕನೇ ದಿನವೂ ಬಾರದಿದ್ದರೆ ಆ ಮಗುವಿನ ಎಣಿಕೆ ಮುಂದುವರಿಯಬೇಕಲ್ಲ.

ಹಂತ 5: ಆಗಸ್ಟ್. ಮಂಗಳವಾರದ ಹುಡುಗಿ

ನಾಟಿ ಶುರುವಾಗಿತ್ತು. ಒಂಬತ್ತನೇ ತರಗತಿ ಕನ್ನಡ ಮಾಧ್ಯಮದ ಗಣಿತದ ಮೇಡಂ ಒಂದು ದಿನ ಆಫೀಸಿಗೆ ಬಂದು ಕೇಳಿದರು, "ನಿಮ್ಮ ಪಟ್ಟಿಯಲ್ಲಿ `K921` ಯಾಕೆ ಬರ್ತಿಲ್ಲ? ಮಂಗಳವಾರ ನಾನು ಹೊಸ ಪಾಠ ತಗೊಳ್ತೀನಿ. ಆ ಹುಡುಗಿ ಯಾವತ್ತೂ ಇರಲ್ಲ."

ತೆಗೆದು ನೋಡಿದೆ. ಆವತ್ತಿಗೆ ಶಾಲೆ ನಡೆದದ್ದು 60 ದಿನ. ಆಕೆ ಗೈರು 11. ಹಾಜರಿ ಶೇಕಡಾ 82 ಹತ್ತಿರ. ಸತತ ಗೈರು ಯಾವತ್ತೂ ಒಂದನ್ನು ದಾಟಿಲ್ಲ. ನಾನು ಕಟ್ಟಿದ ವರದಿಯ ಕಣ್ಣಿಗೆ ಆಕೆ ಒಳ್ಳೆಯ ವಿದ್ಯಾರ್ಥಿನಿ. ಆದರೆ ಆ 11ರಲ್ಲಿ ಒಂಬತ್ತು ಮಂಗಳವಾರ.

ಬಿಡಿಬಿಡಿ ಗೈರಿಗೂ ಒಂದು ನಿಯಮ ಬೇಕು ಎಂದು ಮೊದಲು ಹೀಗೆ ಹಾಕಿದೆ: ಹಿಂದಿನ 20 ಶಾಲಾ ದಿನದಲ್ಲಿ ಐದು ಗೈರು. `K921` ಆಗಲೂ ಬರಲಿಲ್ಲ. ಕಾಗದದ ಮೇಲೆ ಎಣಿಸಿದಾಗ ಕಾರಣ ತಿಳಿಯಿತು. ನಮ್ಮದು ಶನಿವಾರ ಸೇರಿ ವಾರಕ್ಕೆ ಆರು ದಿನ. 20 ದಿನ ಎಂದರೆ ಮೂರು ವಾರ ಎರಡು ದಿನ. ಅದರಲ್ಲಿ ಮಂಗಳವಾರ ಬರುವುದು ಮೂರು, ಕೆಲವು ಸಲ ನಾಲ್ಕು. ಪ್ರತಿ ಮಂಗಳವಾರ ಬಿಟ್ಟರೂ ಐದು ಆಗುವುದೇ ಇಲ್ಲ. ಹಾಗಂತ ಮಿತಿಯನ್ನು ಮೂರಕ್ಕೆ ಇಳಿಸಿದೆ. ಪಟ್ಟಿಯಲ್ಲಿ 31 ಹೆಸರು ಬಂತು. ಅರ್ಧ ಜನ ಜ್ವರದವರು. ಮೇಷ್ಟ್ರುಗಳು ಎರಡೇ ದಿನಕ್ಕೆ ಪಟ್ಟಿ ನೋಡುವುದನ್ನು ಬಿಟ್ಟರು. ಅವರದು ತಪ್ಪಲ್ಲ.

ಸರಿ, ದಿನಗಳನ್ನು 24 ಮಾಡಿದೆ. ರಜೆ ಇಲ್ಲದಿದ್ದರೆ ಸರಿಯಾಗಿ ನಾಲ್ಕು ವಾರ. ವಾರದ ಪ್ರತಿ ದಿನವೂ ನಾಲ್ಕು ಸಲ ಬರುತ್ತದೆ. ಒಟ್ಟು ಗೈರನ್ನು ಎಣಿಸುವುದರ ಜೊತೆಗೆ ವಾರದ ದಿನದ ಪ್ರಕಾರವೂ ಬೇರೆ ಎಣಿಸಿದೆ. ಅದಕ್ಕೇ ಆ F ಮನೆ. `Report` ಶೀಟಿನಲ್ಲಿ A ಗುರುತು, B ಹೆಸರು, C ಊರು, D ಫೋನು. E ಇವತ್ತಿನ ಸತತ ಎಣಿಕೆ, F ಹಿಂದಿನ 24 ದಿನದ ಒಟ್ಟು, G ಇಂದ L ವರೆಗೆ ಸೋಮವಾರದಿಂದ ಶನಿವಾರ. G1ರಿಂದ L1ರವರೆಗೆ 1ರಿಂದ 6 ಬರೆದಿರಬೇಕು. G2ರ ಸೂತ್ರವನ್ನು L2ರವರೆಗೆ ಬಲಕ್ಕೆ, ಆಮೇಲೆ ಎಲ್ಲವನ್ನೂ ಕೆಳಕ್ಕೆ ಎಳೆಯಬೇಕು.

```
E2: =SUMIFS(Absent!$E:$E,Absent!$B:$B,$A2,
     Absent!$D:$D,MAX(Days!$B:$B))
F2: =COUNTIFS(Absent!$B:$B,$A2,
     Absent!$D:$D,">"&MAX(Days!$B:$B)-24)
G2: =COUNTIFS(Absent!$B:$B,$A2,Absent!$F:$F,G$1,
     Absent!$D:$D,">"&MAX(Days!$B:$B)-24)
M2: =IF(E2>=3,"ಸತತ",IF(MAX(G2:L2)>=3,"ವಾರ",
     IF(F2>=5,"ಬಿಡಿ","")))
```

ಇದನ್ನು ಹಾಕಿದ ದಿನ "ವಾರ" ಎಂದು ಬಂದವರು ನಾಲ್ಕೇ ಜನ. ಅವರಲ್ಲಿ `K921` ಮೊದಲು. 24 ದಿನದಲ್ಲಿ ಐದು ಗೈರು, ನಾಲ್ಕೂ ಮಂಗಳವಾರ ಮತ್ತು ಒಂದು ಶುಕ್ರವಾರ. ಇನ್ನಿಬ್ಬರು ಶನಿವಾರದವರು. ಅರ್ಧ ದಿನಕ್ಕೆ ಯಾಕೆ ಎಂದು ಮನೆಯಲ್ಲೇ ಉಳಿಯುವವರು.

ಗಣಿತದ ಮೇಡಂ ಮತ್ತು ನಾನು `K921` ಮನೆಗೆ ಹೋದೆವು. ಮಂಗಳವಾರ ಸಂತೆ. ತಾಯಿ ಸೊಪ್ಪು, ಅವರೆಕಾಯಿ, ಬದನೆ ತಗೊಂಡು ಬೆಳಿಗ್ಗೆ ಆರಕ್ಕೆ ಹೊರಟರೆ ಬರುವುದು ಸಂಜೆ. ಮನೆಯಲ್ಲಿ ಅಜ್ಜಿಗೆ ಲಕ್ವ ಹೊಡೆದು ಎಂಟು ತಿಂಗಳು. ನೀರು ಕೊಡಲು, ಮಗ್ಗುಲು ಹೊರಳಿಸಲು ಯಾರಾದರೂ ಬೇಕೇ ಬೇಕು. "ಬ್ಯಾರೆ ದಿನ ನಾನಿರ್ತೀನಿ ಮೇಡಂ, ಸಂತೆ ಬಿಟ್ರೆ ವಾರದ ಖರ್ಚು ಎಲ್ಲಿಂದ?" ಎಂದರು. ಇದಕ್ಕೆ ನಾವು ಏನು ಬುದ್ಧಿ ಹೇಳುವುದು? ಹುಡುಗಿ ನೋಟ್ಸ್ ತೋರಿಸಿದಳು. ಮಂಗಳವಾರದ ಪಾಠಗಳ ಜಾಗ ಖಾಲಿ ಬಿಟ್ಟು, ತಾರೀಖು ಮಾತ್ರ ಬರೆದಿಟ್ಟಿದ್ದಳು.

ಆಮೇಲೆ ಆದದ್ದು ಸಣ್ಣ ಏರ್ಪಾಡು. ಪಕ್ಕದ ಮನೆಯ ದೊಡ್ಡಮ್ಮ ಒಬ್ಬರು ಮಂಗಳವಾರ ಮಧ್ಯಾಹ್ನದವರೆಗೆ ಬಂದು ಕೂರಲು ಒಪ್ಪಿದರು. ಮೇಡಂ ಹೊಸ ಪಾಠವನ್ನು ಬುಧವಾರಕ್ಕೆ ಬದಲಾಯಿಸಿಕೊಂಡರು. ದೊಡ್ಡಮ್ಮ ಬರಲಾಗದ ವಾರ ಹುಡುಗಿ ಬರುವುದಿಲ್ಲ. ನವೆಂಬರ್ ಕೊನೆಯ ವರದಿಯಲ್ಲಿ ಆಕೆಯ ಮಂಗಳವಾರದ ಅಂಕಿ 4ರಿಂದ 1ಕ್ಕೆ ಇಳಿದಿತ್ತು.

ಹಂತ 6: ಡಿಸೆಂಬರ್. ಈಗಿರುವ ಸ್ಥಿತಿ, ಸಿಕ್ಕಿಹಾಕಿಕೊಂಡಿರುವ ಕಡೆ

ದಿನವೂ 11.45ರ ಹೊತ್ತಿಗೆ ಒಂದು ಎ4 ಹಾಳೆ ಬರುತ್ತದೆ. M ಖಾಲಿ ಇರುವವರನ್ನು ಮರೆಸಿ ಪ್ರಿಂಟ್ ತೆಗೆಯುತ್ತೇನೆ. ಈಗ ಸರಾಸರಿ 9 ಹೆಸರು. ಯಾರಿಗೆ ಯಾವಾಗ ಕರೆ ಮಾಡಿದೆವು, ಏನಂದರು ಎಂಬುದನ್ನು ಮೊದಲು `Report` ಶೀಟಿನಲ್ಲೇ ಪಕ್ಕಕ್ಕೆ ಟೈಪ್ ಮಾಡುತ್ತಿದ್ದೆ. ಒಮ್ಮೆ ಹೆಸರುಗಳನ್ನು ಮಾತ್ರ ಆಯ್ದು ಜೋಡಿಸಿದಾಗ ಒಬ್ಬರ ಟಿಪ್ಪಣಿ ಇನ್ನೊಬ್ಬರ ಮುಂದೆ ಹೋಗಿ ಕೂತಿತು. ಈಗ ಅದು ಆ ಉದ್ದ ನೋಟ್‌ಬುಕ್‌ನಲ್ಲಿ, ಕೈಬರಹದಲ್ಲಿ. ಮೇಷ್ಟ್ರುಗಳಿಗೂ ಅದೇ ಇಷ್ಟ. ಶನಿವಾರ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿ ಬೀರುವಿನಲ್ಲಿಡುತ್ತೇನೆ.

ಫೋನ್ ನಂಬರು ದೊಡ್ಡ ತೊಂದರೆ. ಸೆಪ್ಟೆಂಬರ್‌ನಲ್ಲಿ ಎಲ್ಲ 206 ನಂಬರಿಗೂ ಕರೆ ಮಾಡಿ ನೋಡಿದೆವು. 37 ಸತ್ತಿದ್ದವು. ಇನ್ನೂ ಕೆಲವು ಬೆಂಗಳೂರಿನಲ್ಲಿ ಕೆಲಸಕ್ಕಿರುವ ತಂದೆಯದು. ಅವರಿಗೆ ಮಗ ಶಾಲೆಗೆ ಹೋಗಿಲ್ಲ ಎಂಬುದೇ ತಿಳಿದಿರುವುದಿಲ್ಲ. ಈಗ ಪ್ರತಿ ಮಗುವಿಗೂ ಎರಡು ನಂಬರು ಬರೆಸಿಕೊಂಡಿದ್ದೇವೆ, ಒಂದು ಕಡ್ಡಾಯವಾಗಿ ಊರಲ್ಲೇ ಇರುವವರದು.

ಬಗೆಹರಿಯದೆ ಉಳಿದಿರುವುದು ಮಧ್ಯಾಹ್ನ. ನಮ್ಮ ಚೀಟಿ ಬೆಳಗಿನದು. ಊಟ ಮಾಡಿ ಹೊರಟುಹೋಗುವವರು ವರದಿಯಲ್ಲಿ ಹಾಜರಿರುತ್ತಾರೆ. ಈಗ ಕಬ್ಬು ಕಡಿಯುವ ಕಾಲ, ಹತ್ತನೇ ತರಗತಿಯ ಮೂರ್ನಾಲ್ಕು ಹುಡುಗರು ಹೀಗೆ ಹೋಗುತ್ತಿದ್ದಾರೆ ಎಂದು ಪಿಟಿ ಮೇಷ್ಟ್ರು ಹೇಳಿದರು. ಮಧ್ಯಾಹ್ನವೂ ಆರು ಚೀಟಿ ತರಿಸಿದರೆ ಅಟೆಂಡರ್ ಅಣ್ಣನಿಗೆ ಕಷ್ಟ, ನನಗೂ ಟೈಪ್ ಮಾಡಲು ಹೊತ್ತಿಲ್ಲ. ಜನವರಿಯಿಂದ ಹತ್ತನೇ ತರಗತಿಯ ಎರಡು ವಿಭಾಗಕ್ಕೆ ಮಾತ್ರ, ಐದನೇ ಪೀರಿಯಡ್‌ನಲ್ಲಿ ಒಂದು ಚೀಟಿ ಎಂದು ತೀರ್ಮಾನವಾಗಿದೆ. ಅದನ್ನು `Absent` ಶೀಟಿಗೆ ಬೆರೆಸಿದರೆ ಬೆಳಿಗ್ಗೆಯೂ ಗೈರಾದವರು ಎರಡು ಸಲ ಬಂದು ಮತ್ತೆ `K812`ರ ಕತೆಯೇ ಆಗುತ್ತದೆ. ಬೇರೆ ಶೀಟು ಮಾಡಿ `Noon` ಎಂದು ಹೆಸರಿಟ್ಟಿದ್ದೇನೆ. ಸದ್ಯಕ್ಕೆ ಅದರಲ್ಲಿ ಮೇಲಿನ ಸಾಲು ಮಾತ್ರ ಇದೆ.